ಟು-ಫ್ಯಾಕ್ಟರ್ ಇದ್ದ ಫೋನೂ ಹೋಯ್ತು, ಎಸ್‌ಎಸ್‌ಎಚ್ ಕೀಗಳೂ ಹೋದವು: ಹೋಸ್ಟಿಂಗ್ ಸಪೋರ್ಟಿಗೆ ಎಂತ ಬರೆಯೋದು?

ವರದಾತೀರ

ಸಾಗರದಿಂದ ಬರೀತಿದ್ದೇನೆ. ಅಡಿಕೆ ತೂಕದ ಚೀಟಿ ಮಾಡುವ ಒಂದು ಸಣ್ಣ ಪ್ರೋಗ್ರಾಂ ನಾನು ನೋಡಿಕೊಳ್ತೇನೆ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಬಗೆವಾರು ಮೂಟೆ ತೂಕ ಹಾಕಿದರೆ ಚೀಲದ ತೂಕ ಕಳೆದು ರೈತರ ಕೈಗೆ ಕೊಡುವ ಚೀಟಿ ಪ್ರಿಂಟ್ ಆಗುತ್ತೆ. ಸುತ್ತಮುತ್ತಲಿನ ಕೆಲವು ಸೊಸೈಟಿಗಳಲ್ಲಿ ಬಳಸ್ತಾರೆ. ಕೋಡ್ ಇರುವುದು ಸ್ವಯಂಸೇವಕರು ನಡೆಸುವ ಒಂದು ಚಿಕ್ಕ ಗಿಟ್ ಹೋಸ್ಟಿಂಗ್‌ನಲ್ಲಿ. ಅಲ್ಲಿ ಫೋನ್ ನಂಬರ್, ಚಾಟ್ ಯಾವುದೂ ಇಲ್ಲ. ಏನಿದ್ದರೂ ಮೇಲ್ ಬರೆಯಬೇಕು, ಅವರಲ್ಲಿ ಯಾರಿಗಾದರೂ ಪುರಸೊತ್ತಾದಾಗ ಓದ್ತಾರೆ.

ತಾಳಗುಪ್ಪ ರೈಲಿನಲ್ಲಿ ನನ್ನ ಬ್ಯಾಗ್ ಕಳುವಾಯಿತು. ಲ್ಯಾಪ್‌ಟಾಪ್, ಫೋನ್ ಎರಡೂ ಅದರಲ್ಲೇ ಇದ್ದವು. ಆರಂಕಿ ಕೋಡ್ ಕೊಡುವ ಆಪ್ ಫೋನಿನಲ್ಲಿತ್ತು, ಎಸ್‌ಎಸ್‌ಎಚ್ ಕೀಗಳು ಲ್ಯಾಪ್‌ಟಾಪಿನಲ್ಲಿ. ರಿಕವರಿ ಕೋಡ್‌ಗಳ ಫೈಲೂ ಅದೇ ಲ್ಯಾಪ್‌ಟಾಪಿನಲ್ಲಿತ್ತು. ಪಾಸ್‌ವರ್ಡ್ ನೆನಪಿದೆ. ಡೂಪ್ಲಿಕೇಟ್ ಸಿಮ್ ತಗೊಂಡು ಇಮೇಲ್ ವಾಪಸ್ ಪಡೆದಿದ್ದೇನೆ.

ಈಗ ಮನೆಯ ಹಳೇ ಡೆಸ್ಕ್‌ಟಾಪಿನಿಂದ ಪುಶ್ ಮಾಡಿದರೆ ಇಷ್ಟೇ ಬರೋದು:

```
git@git.example.org: Permission denied (publickey).
fatal: Could not read from remote repository.
```

(ಹೋಸ್ಟಿನ ಹೆಸರು ಬದಲಿಸಿದ್ದೇನೆ.) ಹೊಸ ಕೀ ಮಾಡಿಕೊಂಡೆ. ಅದನ್ನು ಖಾತೆಗೆ ಸೇರಿಸೋಕೆ ಲಾಗಿನ್ ಆಗಬೇಕು, ಲಾಗಿನ್ ಆಗೋಕೆ ಆರಂಕಿ ಕೋಡ್ ಬೇಕು. ಎಚ್‌ಟಿಟಿಪಿಎಸ್ ಮೂಲಕ ಪುಶ್ ಮಾಡೋಣ ಅಂದರೆ ಟು-ಫ್ಯಾಕ್ಟರ್ ಇರುವ ಖಾತೆಗೆ ಪಾಸ್‌ವರ್ಡ್ ನಡೆಯಲ್ಲ, ಟೋಕನ್ ಬೇಕು. ಟೋಕನ್ ಮಾಡೋಕೂ ಲಾಗಿನ್ ಆಗಲೇಬೇಕು. ರೆಪೊ ಸಾರ್ವಜನಿಕ, ಹಾಗಾಗಿ ಕ್ಲೋನ್ ಆಗುತ್ತೆ. ಪುಶ್ ಮಾತ್ರ ಆಗೋದಿಲ್ಲ.

ಇದಕ್ಕೆ ಇಷ್ಟು ತಲೆಬಿಸಿ ಯಾಕೆಂದರೆ, ಈಗಿನ ವರ್ಶನ್ನಿನಲ್ಲಿ ಒಂದು ದೋಷ ಇದೆ. ಪ್ರತಿ ಮೂಟೆಯ ತೂಕವನ್ನೂ ಮೊದಲು ರೌಂಡ್ ಮಾಡಿ ಆಮೇಲೆ ಕೂಡಿಸ್ತದೆ. ಎಲ್ಲ ಕೂಡಿಸಿ ಕೊನೆಗೆ ಒಮ್ಮೆ ರೌಂಡ್ ಮಾಡಬೇಕು. ಮೂಟೆ ಹೆಚ್ಚಾದಷ್ಟೂ ವ್ಯತ್ಯಾಸ ಬೆಳೀತದೆ, ಅದು ರೈತರ ದುಡ್ಡು. ಸರಿ ಮಾಡೋದು ಎರಡು ಸಾಲಿನ ಕೆಲಸ, ಅದನ್ನು ಮೇಲೇರಿಸೋ ದಾರಿ ಇಲ್ಲ.

ಸಪೋರ್ಟಿಗೆ ಹೀಗೆ ಬರೆದಿಟ್ಟುಕೊಂಡಿದ್ದೇನೆ. ಕಳಿಸುವ ಮುಂಚೆ ಒಮ್ಮೆ ನೋಡಿ:

> ಮಾನ್ಯರೇ, ನನ್ನ ಫೋನ್ ಮತ್ತು ಲ್ಯಾಪ್‌ಟಾಪ್ ಕಳುವಾಗಿವೆ. ಲಾಗಿನ್ ಆಗುತ್ತಿಲ್ಲ, ಪುಶ್ ಆಗುತ್ತಿಲ್ಲ. ಈ ತಂತ್ರಾಂಶವನ್ನು ರೈತರು ಬಳಸುತ್ತಾರೆ, ತುಂಬಾ ತುರ್ತು. ದಯವಿಟ್ಟು ಟು-ಫ್ಯಾಕ್ಟರ್ ತೆಗೆದುಹಾಕಿ, ಜೊತೆಗೆ ಕಳಿಸಿರುವ ಹೊಸ ಎಸ್‌ಎಸ್‌ಎಚ್ ಕೀ ಸೇರಿಸಿಕೊಡಿ. ಗುರುತಿಗೆ ಆಧಾರ್ ಪ್ರತಿ ಲಗತ್ತಿಸಿದ್ದೇನೆ.

---

ಗಾಜನೂರ ಹುಡುಗ

ಅಣ್ಣ, ಡೂಪ್ಲಿಕೇಟ್ ಸಿಮ್ ಬಂತಲ್ಲ, ಹೊಸ ಫೋನಿಗೆ ಹಾಕಿ ಅದೇ ಆಪ್ ಇಳಿಸಿಕೊಳ್ಳಿ. ನಂಬರ್ ಅದೇ ಇರೋದ್ರಿಂದ ಕೋಡ್ ವಾಪಸ್ ಬರುತ್ತೆ.

ಬರಲಿಲ್ಲ ಅಂದರೆ ಇನ್ನೊಂದು ದಾರಿ ಇದೆ, ಎಸ್‌ಎಸ್‌ಎಚ್ ಮೂಲಕವೇ ಹೊಸ ರಿಕವರಿ ಕೋಡ್ ಕೇಳಬಹುದು. ನಾನೇ ಮಾಡಿದ್ದೇನೆ:

```
ssh git@gitlab.com 2fa_recovery_codes
```

ನಿಮ್ಮ ಹೋಸ್ಟಿನ ಹೆಸರು ಹಾಕಿ ನೋಡಿ. ಅದೂ ಆಗದಿದ್ದರೆ ನಿಮ್ಮ ಹಳೇ ಪಬ್ಲಿಕ್ ಕೀಯನ್ನು ಸಪೋರ್ಟಿಗೆ ಕಳಿಸಿ. ಅವರ ಹತ್ತಿರ ಇರೋದಕ್ಕೆ ಅದು ತಾಳೆಯಾದರೆ ನೀವೇ ಅಂತ ಗೊತ್ತಾಗುತ್ತಲ್ಲ.

---

ಕೊಪ್ಪದ ಮೇಷ್ಟ್ರು

ನಮ್ಮ ಶಾಲೆಯ ವೆಬ್‌ಸೈಟಿಗೂ ಹೀಗೇ ಆಗಿತ್ತು. ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿ ಬಿಲ್ ನಂಬರ್ ಹೇಳಿದೆವು, ಕಂಟ್ರೋಲ್ ಪ್ಯಾನೆಲ್ಲಿನ ಪಾಸ್‌ವರ್ಡ್ ಬದಲಿಸಿಕೊಟ್ಟರು. ಸೈಟ್ ಮತ್ತೆ ತೆರೆದುಕೊಂಡಿತು. ನಿಮ್ಮ ಸೈಟ್ ಈಗ ಪೂರ್ತಿ ನಿಂತಿದೆಯಾ, ಇಲ್ಲ ಹಳೇ ಪುಟ ಕಾಣ್ತಿದೆಯಾ?

---

ವರದಾತೀರ

ಮೇಷ್ಟ್ರೇ, ಸೈಟ್ ಅಲ್ಲ. ಕೋಡ್ ಇಡುವ ಜಾಗ. ಅದು ನಡೀತಾ ಇದೆ, ಎಲ್ಲರೂ ಓದಬಹುದು. ನನಗೆ ಬರೆಯೋಕೆ ಆಗ್ತಿಲ್ಲ, ಅಷ್ಟೇ.

ಗಾಜನೂರಿನವರೇ, ಸಿಮ್ ಹಾಕಿ ಆಪ್ ಇಳಿಸಿ ನೋಡಿದೆ, ಆಪ್ ಖಾಲಿ ಬಂತು. ಆ `ssh` ಕಮಾಂಡಿಗೆ ಮೊದಲಿನದೇ `Permission denied`.

---

ಸಂಪಿಗೆಕಟ್ಟೆ

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಗಿಟ್ ಸರ್ವರ್ ನೋಡಿಕೊಳ್ತಿದ್ದೆ. ಇಂಥ ಪತ್ರಗಳನ್ನು ಓದಿ ಖಾತೆ ತೆರೆದುಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡೋ ಕೆಲಸ ನನ್ನದೇ ಆಗಿತ್ತು. ಆ ಕಡೆ ಕೂತವರಿಗೆ ಈ ಪತ್ರ ಹೇಗೆ ಕಾಣುತ್ತೆ ಅಂತ ಹೇಳ್ತೇನೆ.

ಮೊದಲು ಗಾಜನೂರಿನ ತಮ್ಮ ಹೇಳಿದ್ದರ ಬಗ್ಗೆ. ಆರಂಕಿ ಕೋಡಿಗೂ ಸಿಮ್ಮಿಗೂ ಸಂಬಂಧ ಇಲ್ಲ. ಮೊದಲ ದಿನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಒಂದು ರಹಸ್ಯ ಸಂಖ್ಯೆ ಫೋನಿನೊಳಗೆ ಕೂತಿರುತ್ತೆ. ಆ ಸಂಖ್ಯೆ ಮತ್ತು ಗಡಿಯಾರ ಎರಡನ್ನೂ ಸೇರಿಸಿ ಆಪ್ 30 ಸೆಕೆಂಡಿಗೊಂದು ಕೋಡ್ ಲೆಕ್ಕ ಹಾಕುತ್ತೆ. ಫೋನ್ ಹೋದರೆ ಸಂಖ್ಯೆಯೂ ಹೋಯ್ತು. ಒಂದು ಸಾಧ್ಯತೆ ಮಾತ್ರ ಉಳಿಯುತ್ತೆ: ಗೂಗಲ್ ಅಥೆಂಟಿಕೇಟರ್ ಆಗಿದ್ದರೆ 2023ರಿಂದ ಖಾತೆಗೆ ಸಿಂಕ್ ಮಾಡೋ ಅನುಕೂಲ ಬಂದಿದೆ. ಸಿಂಕ್ ಆನ್ ಇದ್ದಿದ್ದರೆ ಅದೇ ಗೂಗಲ್ ಖಾತೆಯಿಂದ ಆಪ್ ತೆರೆದಾಗ ಎಲ್ಲ ವಾಪಸ್ ಬರ್ತಿತ್ತು. ನಿಮಗೆ ಖಾಲಿ ಬಂದಿದೆ ಅಂದರೆ ಸಿಂಕ್ ಇರಲಿಲ್ಲ, ಇಲ್ಲ ಬೇರೆ ಖಾತೆಯಿಂದ ತೆರೆದಿದ್ದೀರಿ. ಇನ್ನೊಂದು ಖಾತೆ ಇದ್ದರೆ ಅದನ್ನೂ ನೋಡಿ.

`2fa_recovery_codes` ನಿಜವಾದ ಕಮಾಂಡೇ. ಆದರೆ ಅದು ಗಿಟ್‌ಲ್ಯಾಬ್ ತಂತ್ರಾಂಶದ್ದು, ಎಲ್ಲ ಹೋಸ್ಟಿನಲ್ಲೂ ಇರಲ್ಲ. ಅಲ್ಲೂ ಖಾತೆಗೆ ಸೇರಿಸಿದ ಕೀ ಕೈಯಲ್ಲಿರಬೇಕು. ಫೋನ್ ಮಾತ್ರ ಕಳೆದು ಲ್ಯಾಪ್‌ಟಾಪ್ ಉಳಿದವರಿಗೆ ಅದು ಸರಿಯಾದ ದಾರಿ.

ಪಬ್ಲಿಕ್ ಕೀ ಕಳಿಸೋದರಿಂದ ಏನೂ ಸಾಬೀತಾಗಲ್ಲ. ಗಿಟ್‌ಹಬ್‌ನಲ್ಲಿ `https://github.com/` ಮುಂದೆ ಬಳಕೆದಾರನ ಹೆಸರು, ಕೊನೆಗೆ `.keys` ಅಂತ ಹಾಕಿ ನೋಡಿ, ಯಾರ ಪಬ್ಲಿಕ್ ಕೀ ಬೇಕಾದರೂ ಸಿಗುತ್ತೆ. ಪ್ರೈವೇಟ್ ಕೀಯಿಂದ ಏನಾದರೂ ಸಹಿ ಮಾಡಿ ತೋರಿಸಿದರೆ ಮಾತ್ರ ಅದು ಪುರಾವೆ.

ಈಗ ವರದಾತೀರ ಅವರ ಪತ್ರ. ನಾನು ಅಲ್ಲಿ ಕೂತಿದ್ದರೆ ಒಂದೇ ಪ್ರಶ್ನೆ ಕೇಳಿಕೊಳ್ತಿದ್ದೆ: ಆ ಬ್ಯಾಗ್ ಕದ್ದವನು ಬರೆಯಲಾರದ ಒಂದು ಸಾಲಾದರೂ ಇದರಲ್ಲಿ ಇದೆಯಾ? ಇಲ್ಲ. ಫೋನ್ ಹೋಯ್ತು, ಲ್ಯಾಪ್‌ಟಾಪ್ ಹೋಯ್ತು, ತುರ್ತು, ಹೊಸ ಕೀ ಹಾಕಿ. ಖಾತೆ ಕಬಳಿಸಲು ಬರುವವರೂ ಅಕ್ಷರಶಃ ಇದನ್ನೇ ಬರೀತಾರೆ. ‘ತುರ್ತು’ ಅನ್ನೋ ಪದ ಕಂಡ ಕೂಡಲೇ ನಾನು ಇನ್ನಷ್ಟು ನಿಧಾನ ಮಾಡ್ತಿದ್ದೆ.

ಆಧಾರ್ ಕಳಿಸಲೇಬೇಡಿ. ಖಾತೆ ತೆರೆಯುವಾಗ ನೀವು ಹೋಸ್ಟಿಗೆ ಆಧಾರ್ ಕೊಟ್ಟಿರಲಿಲ್ಲ. ಬಹುಶಃ ಪೂರ್ತಿ ಹೆಸರನ್ನೂ ಕೊಟ್ಟಿಲ್ಲ. ಹಾಗಿದ್ದಾಗ ಅವರು ಅದನ್ನು ಯಾವುದರ ಜೊತೆ ತಾಳೆ ನೋಡಬೇಕು? ಉಪಯೋಗಕ್ಕೂ ಬರಲ್ಲ, ಗುರುತಿನ ಚೀಟಿಯ ಪ್ರತಿಯೊಂದು ಯಾರದೋ ಮೇಲ್ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿರುತ್ತೆ.

ಕಳುವಾಗುವ ಮೊದಲೇ ಹೋಸ್ಟಿನ ದಾಖಲೆಯಲ್ಲಿದ್ದ, ಆದರೆ ಆ ಬ್ಯಾಗಿನೊಳಗೆ ಇರದ ಸಂಗತಿ ಬೇಕು. ಅಂಥದ್ದು ಏನೇನಿದೆ ಹೇಳಿ. ನಿಮ್ಮ ಪ್ರೊಫೈಲಿನಲ್ಲಿ ಸ್ವಂತ ಡೊಮೇನ್ ಹಾಕಿದ್ರಾ? ಹೋಸ್ಟಿಗೆ ಚಂದಾ ಅಥವಾ ದೇಣಿಗೆ ಕೊಟ್ಟಿದ್ರಾ? ಪ್ರಾಜೆಕ್ಟಿನಲ್ಲಿ ಬೇರೆ ಯಾರಿಗಾದರೂ ಹಕ್ಕಿದೆಯಾ? ಆ ಹಳೇ ಡೆಸ್ಕ್‌ಟಾಪಿನಲ್ಲಿ ಯಾವತ್ತಾದರೂ ಕೀ ಮಾಡಿದ್ರಾ? `ls -la ~/.ssh` ಒಮ್ಮೆ ಹೊಡೆದು ನೋಡಿ.

---

ವರದಾತೀರ

ಅಕ್ಕಾ, ತುಂಬ ಉಪಕಾರ ಆಯ್ತು. ಇನ್ನೊಂದು ಗೂಗಲ್ ಖಾತೆಯಲ್ಲೂ ನೋಡಿದೆ, ಇಲ್ಲ. ಡೆಸ್ಕ್‌ಟಾಪಿನ `~/.ssh` ಒಳಗೆ `known_hosts` ಮಾತ್ರ ಇದೆ.

ಡೊಮೇನ್ ಇದೆ. ಪ್ರೋಗ್ರಾಮಿನ ಕೈಪಿಡಿ ಅದರಲ್ಲೇ ಇರೋದು, ಪ್ರೊಫೈಲಿನಲ್ಲಿ ಅದರ ಕೊಂಡಿ ಮೊದಲಿಂದಲೂ ಇದೆ. ಹೋಸ್ಟಿಗೆ ವರ್ಷಕ್ಕೊಮ್ಮೆ ದೇಣಿಗೆ ಕೊಡ್ತೇನೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತೆ. ತೀರ್ಥಹಳ್ಳಿಯ ಗೆಳತಿಯೊಬ್ಬರು ಪ್ರಾಜೆಕ್ಟಿನಲ್ಲಿದ್ದಾರೆ. ಆದರೆ ಅವರಿಗೆ ಪುಶ್ ಹಕ್ಕು ಕೊಟ್ಟಿಲ್ಲ, ದೂರುಗಳನ್ನು ವಿಂಗಡಿಸೋ ಹಕ್ಕು ಮಾತ್ರ ಇದೆ.

ಕಮಿಟ್‌ಗಳಿಗೆ ಜಿಪಿಜಿ ಸಹಿ ಹಾಕ್ತಿದ್ದೆ. ಆ ಕೀಯ ಒಂದು ಪ್ರತಿ ಮನೆಯ ಪೆನ್‌ಡ್ರೈವಿನಲ್ಲಿದೆ. ಅದರಿಂದ ಪತ್ರಕ್ಕೆ ಸಹಿ ಹಾಕಿದರೆ ಸಾಕಲ್ವಾ?

---

ಸಂಪಿಗೆಕಟ್ಟೆ

ಅದೇ ಜಿಪಿಜಿ ಕೀ ಲ್ಯಾಪ್‌ಟಾಪಿನಲ್ಲೂ ಇತ್ತಲ್ವಾ? ಹಾಗಾದರೆ ಅರ್ಧ ಪುರಾವೆ. ಪಾಸ್‌ಫ್ರೇಸ್ ಗಟ್ಟಿಯಾಗಿದ್ದರೆ ಕಳ್ಳ ಅದರಿಂದ ಸಹಿ ಮಾಡಲಾರ. ಆದರೆ ಪಾಸ್‌ಫ್ರೇಸ್ ಎಷ್ಟು ಗಟ್ಟಿ ಅಂತ ಹೋಸ್ಟಿಗೆ ಗೊತ್ತಾಗೋದು ಹೇಗೆ? ಸಹಿ ಹಾಕಿ, ಜೊತೆಗೆ ಈ ಕೀಯ ಇನ್ನೊಂದು ಪ್ರತಿ ಕಳುವಾದ ಲ್ಯಾಪ್‌ಟಾಪಿನಲ್ಲಿದೆ ಅಂತ ನೀವೇ ತಿಳಿಸಿ. ಅದನ್ನು ಮುಚ್ಚಿಟ್ಟು ಆಮೇಲೆ ಅವರಿಗೇ ಗೊತ್ತಾದರೆ ನಿಮ್ಮ ಉಳಿದ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತೆ.

ಖಾಸಗಿ ರೆಪೊಗಳ ಹೆಸರು ಬರೆದರೆ ನಂಬ್ತಾರೆ ಅಂತ ಕೆಲವರು ಹೇಳ್ತಾರೆ. ನಿಮ್ಮ ವಿಷಯದಲ್ಲಿ ಅದೂ ನಡೆಯಲ್ಲ, ಆ ರೆಪೊಗಳ ಕ್ಲೋನ್ ಲ್ಯಾಪ್‌ಟಾಪಿನಲ್ಲೇ ಇವೆ.

ಡೊಮೇನ್ ಒಳ್ಳೆಯ ಪುರಾವೆ, ರಿಜಿಸ್ಟ್ರಾರ್ ಖಾತೆ ಬ್ರೌಸರಿನಲ್ಲಿ ಲಾಗಿನ್ ಆಗಿ ಉಳಿದಿರಲಿಲ್ಲ ಅಂದರೆ. ಹೋಸ್ಟ್ ಕೊಡುವ ಒಂದು ಸಾಲನ್ನು ಡಿಎನ್‌ಎಸ್‌ನಲ್ಲಿ `TXT` ದಾಖಲೆಯಾಗಿ ಹಾಕಿದರೆ ಅವರು ಅಲ್ಲಿಂದಲೇ ನೋಡಿಕೊಳ್ಳಬಹುದು. ದೇಣಿಗೆಯ ದಿನಾಂಕ, ಮೊತ್ತ ಅವರ ಪುಸ್ತಕದಲ್ಲೂ ಇರುತ್ತೆ.

ಕೋರಿಕೆಯನ್ನು ಎರಡು ಭಾಗ ಮಾಡಿ. ಮೊದಲನೆಯದು, ಹಳೇ ಕೀಗಳನ್ನೂ ತೆರೆದಿರುವ ಸೆಶನ್‌ಗಳನ್ನೂ ಈಗಲೇ ನಿಲ್ಲಿಸಿ ಅನ್ನೋದು. ಇದಕ್ಕೆ ಹೆಚ್ಚು ಪುರಾವೆ ಯಾರೂ ಕೇಳಲ್ಲ, ಯಾಕೆಂದರೆ ಸುಳ್ಳು ಹೇಳಿ ನಿಲ್ಲಿಸಿದರೂ ಆಗುವ ನಷ್ಟ ಸ್ವಲ್ಪವೇ. ಎರಡನೆಯದು ಖಾತೆಯನ್ನು ನಿಮಗೆ ತೆರೆದುಕೊಡುವುದು. ಪೂರ್ತಿ ಪುರಾವೆ ಬೇಕಾಗೋದು ಅದಕ್ಕೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕೇಳಿದರೆ ಮೊದಲನೆಯದೂ ಸಾಲಿನಲ್ಲಿ ಕಾಯುತ್ತೆ. ನಿಮ್ಮ ಮಟ್ಟಿಗೆ ನಿಜವಾದ ಅವಸರ ಇರೋದು ಅದಕ್ಕೇ. ನಿಮ್ಮ ಹೆಸರಿನಲ್ಲಿ ಪುಶ್ ಮಾಡಬಲ್ಲ ಕೀ ಯಾರದೋ ಕೈಯಲ್ಲಿದೆ.

ಕೀಯನ್ನು ಫಿಂಗರ್‌ಪ್ರಿಂಟಿನಿಂದ ಗುರುತಿಸಿ. ಕೀ ಸೇರಿಸಿದ ದಿನ ಹೋಸ್ಟಿನಿಂದ ಬಂದ ಮೇಲಿನಲ್ಲಿ `SHA256:` ಅಂತ ಶುರುವಾಗೋ ಸಾಲು ಇರಬಹುದು, ಹುಡುಕಿ. ಅದೇ ಕೀ ಬೇರೆ ಯಾವುದಾದರೂ ಸರ್ವರಿನಲ್ಲಿ ಇದ್ದರೆ ಅಲ್ಲೂ ಸಿಗುತ್ತೆ:

```
ssh-keygen -lf ~/.ssh/authorized_keys
```

ಹಾಗೆ ಸಿಕ್ಕರೆ, ಫಿಂಗರ್‌ಪ್ರಿಂಟ್ ಬರೆದುಕೊಂಡು ಆ ಸರ್ವರಿನಿಂದಲೂ ಕೀಯ ಸಾಲನ್ನು ತೆಗೆದುಬಿಡಿ.

---

ಹೊಸನಗರದವ

ನನ್ನ ಕಥೆಯನ್ನೂ ಹೇಳಿಬಿಡ್ತೇನೆ, ಯಾರಿಗಾದರೂ ಉಪಯೋಗ ಆದೀತು. ನಾನು ರಿಕವರಿ ಕೋಡ್‌ಗಳನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿ ಇಟ್ಟಿದ್ದೆ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಕಾಗದಕ್ಕೆ ಬೂಷ್ಟು ಹಿಡಿದು ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿತ್ತು. ಇಂಕ್‌ಜೆಟ್ ಪ್ರಿಂಟು, ಅಕ್ಷರ ಹರಡಿ 8 ಯಾವುದು B ಯಾವುದು ತಿಳೀತಿರಲಿಲ್ಲ. ಕೊನೆಗೆ ಒಂದು ಸಾಲು ಓದೋಕೆ ಸಿಕ್ಕಿತು, ಅದೊಂದೇ ಸಾಕಾಯ್ತು. ಈಗ ಪೆನ್ಸಿಲ್ಲಿನಲ್ಲಿ ಬರೆದು, ಡಬ್ಬಿಯಲ್ಲಿ ಅಕ್ಕಿಯ ಜೊತೆ ಇಡ್ತೇನೆ.

ಮತ್ತೆ, ಪೊಲೀಸ್ ಕಂಪ್ಲೇಂಟ್ ಆಗಿದೆಯಾ? ಅದರ ಪ್ರತಿ ಇದ್ದರೆ ಸಿಇಐಆರ್ ಪೋರ್ಟಲಿನಲ್ಲಿ ಫೋನಿನ ಐಎಂಇಐ ಬ್ಲಾಕ್ ಮಾಡಿಸಬಹುದು. ದೂರಿನ ಪ್ರತಿಯನ್ನು ಹೋಸ್ಟಿಗೂ ಕಳಿಸಿದರೆ ತೂಕ ಬರಲ್ವಾ?

---

ಸಂಪಿಗೆಕಟ್ಟೆ

ಐಎಂಇಐ ಬ್ಲಾಕ್ ಮಾಡಿಸೋದು ಒಳ್ಳೇದು. ಆದರೆ ಅದು ಮೊಬೈಲ್ ನೆಟ್‌ವರ್ಕ್ ಅನ್ನಷ್ಟೇ ತಡೆಯುತ್ತೆ, ವೈಫೈ ಮೇಲೆ ಆ ಫೋನ್ ನಡೆಯುತ್ತೆ. ಲಾಕ್ ತೆಗೆಯಬಲ್ಲವನಿಗೆ ಆಪ್ ತೆರೆಯೋಕೆ ನೆಟ್‌ವರ್ಕೇ ಬೇಡ.

ದೂರಿನ ಪ್ರತಿಯಿಂದ ಸಾಬೀತಾಗೋದು ಯಾರೋ ಒಬ್ಬರ ಬ್ಯಾಗ್ ಕಳುವಾಗಿದೆ ಅಂತ. ಆ ಯಾರೋ ಒಬ್ಬರೇ ಈ ಖಾತೆಯವರು ಅಂತ ಸಾಬೀತಾಗಲ್ಲ. ದೂರಿನ ತಾರೀಖು ಹೇಳಿ, ಕೇಳಿದರೆ ಪ್ರತಿ ಕೊಡ್ತೇನೆ ಅನ್ನಿ, ಸಾಕು.

---

ವರದಾತೀರ

ಫಿಂಗರ್‌ಪ್ರಿಂಟ್ ಸಿಕ್ಕಿತು! ಕೈಪಿಡಿ ಇರುವ ಬಾಡಿಗೆ ಸರ್ವರಿಗೂ ಅದೇ ಕೀ ಹಾಕಿದ್ದೆ. ಆ ಕಂಪನಿಯ ಲಾಗಿನ್ ಎಸ್ಸೆಮ್ಮೆಸ್ ಓಟಿಪಿ ಮೇಲೆ ನಡೆಯೋದು. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬಂದ್ ಇರುತ್ತಲ್ಲ, ಅದು ಮುಗಿಯುವವರೆಗೆ ಕಾದು ವೆಬ್ ಕನ್ಸೋಲ್ ಮೂಲಕ ಒಳಗೆ ಹೋದೆ. ಕೀ ತೆಗೆದೂ ಆಯ್ತು. ಇಮೇಲ್ ಮತ್ತು ರಿಜಿಸ್ಟ್ರಾರ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿಸಿದ್ದೇನೆ.

ಪತ್ರ ಮತ್ತೆ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಕಳಿಸಬೇಕು. ಇಲ್ಲಿ ಕನ್ನಡದಲ್ಲೇ ಹಾಕ್ತೇನೆ, ದಿನಾಂಕ, ಮೊತ್ತ, ಹೆಸರು ಬಿಟ್ಟು:

> ವಿಷಯ: ಕಳುವಾದ ಎಸ್‌ಎಸ್‌ಎಚ್ ಕೀ ನಿಲ್ಲಿಸಲು ಕೋರಿಕೆ, ನಂತರ ಖಾತೆ ಮರಳಿ ಪಡೆಯುವ ಬಗ್ಗೆ
>
> ಖಾತೆ: (ಹೆಸರು). ಈ ಪತ್ರ ಖಾತೆಯಲ್ಲಿ ನೋಂದಾಯಿಸಿದ ಇಮೇಲಿನಿಂದಲೇ ಬರುತ್ತಿದೆ.
>
> ಒಂದು. (ದಿನಾಂಕ) ರಾತ್ರಿ ನನ್ನ ಲ್ಯಾಪ್‌ಟಾಪ್ ಮತ್ತು ಫೋನ್ ಒಟ್ಟಿಗೆ ಕಳುವಾದವು. `SHA256:…` ಎಂಬ ಫಿಂಗರ್‌ಪ್ರಿಂಟ್ ಇರುವ ಕೀ, ಎಲ್ಲ ಟೋಕನ್‌ಗಳು ಮತ್ತು ಲಾಗಿನ್ ಸೆಶನ್‌ಗಳನ್ನು ಈಗಲೇ ನಿಲ್ಲಿಸಬೇಕೆಂದು ಕೋರುತ್ತೇನೆ. ನನ್ನ ಗುರುತು ಖಚಿತವಾಗುವ ಮೊದಲೇ ಇದನ್ನು ಮಾಡಿದರೂ ನನ್ನ ಒಪ್ಪಿಗೆ ಇದೆ.
>
> ಎರಡು. ನನ್ನ ಬಳಿ ಪಾಸ್‌ವರ್ಡ್ ಇದೆ. ಕೋಡ್ ಕೊಡುವ ಆಪ್, ರಿಕವರಿ ಕೋಡ್, ನೋಂದಾಯಿತ ಕೀ ಯಾವುದೂ ಇಲ್ಲ. ಹಾಗಾಗಿ ಲಾಗಿನ್ ಆಗಲು, ಹೊಸ ಕೀ ಸೇರಿಸಲು, ಪುಶ್ ಮಾಡಲು ಸಾಧ್ಯವಿಲ್ಲ. ಗುರುತಿಗೆ ಇವುಗಳನ್ನು ತೋರಿಸಬಲ್ಲೆ: ಪ್ರೊಫೈಲಿನಲ್ಲಿರುವ ಡೊಮೇನಿನಲ್ಲಿ ನೀವು ಹೇಳುವ `TXT` ದಾಖಲೆ; ನಿಮಗೆ ಕೊಟ್ಟ ದೇಣಿಗೆಯ ದಿನಾಂಕ ಮತ್ತು ಮೊತ್ತ; ಪ್ರಾಜೆಕ್ಟಿನ ಇನ್ನೊಬ್ಬ ಸದಸ್ಯೆ ತಮ್ಮ ಖಾತೆಯಿಂದ ಲಾಗಿನ್ ಆಗಿ ಕೊಡುವ ದೃಢೀಕರಣ. ಪತ್ರಕ್ಕೆ ಜಿಪಿಜಿ ಸಹಿ ಇದೆ. ಆ ಕೀಯ ಒಂದು ಪ್ರತಿ, ಪಾಸ್‌ಫ್ರೇಸ್ ಸಮೇತ, ಕಳುವಾದ ಲ್ಯಾಪ್‌ಟಾಪಿನಲ್ಲೂ ಇದೆ. ಅದನ್ನು ಗಮನದಲ್ಲಿಟ್ಟು ತೂಗಿ ನೋಡಿ.
>
> ಕಾಯಬೇಕಾದ ಅವಧಿ ಇದ್ದರೆ ಕಾಯುತ್ತೇನೆ. ಹೊಸ ಕೀಯನ್ನು ಈ ಪತ್ರದ ಜೊತೆ ಕಳಿಸುತ್ತಿಲ್ಲ, ಖಾತೆ ಮರಳಿದ ಮೇಲೆ ನಾನೇ ಸೇರಿಸುತ್ತೇನೆ.

---

ಸಂಪಿಗೆಕಟ್ಟೆ

ಹೀಗೆ ಬಂದಿದ್ದರೆ ನಾನು ಕೂತಲ್ಲೇ ಕೆಲಸ ಶುರು ಮಾಡ್ತಿದ್ದೆ. ಒಂದೇ ತಿದ್ದುಪಡಿ. ‘ಪಾಸ್‌ಫ್ರೇಸ್ ಸಮೇತ’ ಅಂದರೆ ಪಾಸ್‌ಫ್ರೇಸೂ ಆ ಲ್ಯಾಪ್‌ಟಾಪಿನಲ್ಲೇ ಬರೆದಿಟ್ಟಿದೆ ಅಂತ ಓದಿಕೊಳ್ತಾರೆ. ‘ಪಾಸ್‌ಫ್ರೇಸಿನ ರಕ್ಷಣೆಯಲ್ಲಿ’ ಅನ್ನಿ. ಹೊಸ ಕೀ ಕಳಿಸದೇ ಇದ್ದದ್ದು ಸರಿ. ಪತ್ರದಲ್ಲಿ ಬಂದ ಕೀಯನ್ನು ಖಾತೆಗೆ ಅಂಟಿಸೋಕೆ ಯಾವ ಅಡ್ಮಿನ್ ಕೈಯೂ ಏಳಲ್ಲ.

---

ಗಾಜನೂರ ಹುಡುಗ

ಅಕ್ಕಾ, ಒಂದು ಸಂಶಯ. ಹಳೇ ಕಮಿಟ್‌ಗಳಲ್ಲೆಲ್ಲ ಅಣ್ಣನ ಹೆಸರು, ಇಮೇಲ್ ಇದೆ. ಅದೇ ದೊಡ್ಡ ದಾಖಲೆ ಅಲ್ವಾ?

---

ಸಂಪಿಗೆಕಟ್ಟೆ

ಅಲ್ಲ ತಮ್ಮ. `git config user.name` ಅಂತ ಯಾರ ಹೆಸರು ಬೇಕಾದರೂ ಹಾಕಿಕೊಳ್ಳಬಹುದು, ಗಿಟ್ ಅದನ್ನು ಪ್ರಶ್ನಿಸಲ್ಲ. ಕಮಿಟ್ ಮಾಡಿದ್ದು ಯಾರು ಅನ್ನೋದು ಬೇರೆ, ಯಾವ ಖಾತೆ ಪುಶ್ ಮಾಡಿತು ಅನ್ನೋದು ಬೇರೆ. ಎರಡನೆಯದು ಹೋಸ್ಟಿನ ಲಾಗಿನಲ್ಲಿ ಮಾತ್ರ ಇರುತ್ತೆ.

---

ಕಲ್ಲುಹಾಸು

ತೀರ್ಥಹಳ್ಳಿಯ ಆ ಗೆಳತಿ ನಾನೇ. ನನ್ನ ಹತ್ತಿರ ಕಳುವಿಗೆ ಮೊದಲು ಎಳೆದುಕೊಂಡ ಕ್ಲೋನ್ ಇದೆ. ರೌಂಡಿಂಗ್ ತಿದ್ದಿ, ನನ್ನ ಖಾತೆಯಲ್ಲಿ ಫೋರ್ಕ್ ಮಾಡಿ ಪುಶ್ ಮಾಡಿದ್ದೇನೆ. ಸೊಸೈಟಿಗಳಿಗೆಲ್ಲ `git remote set-url` ಮಾಡಿಕೊಳ್ಳಿ ಅಂತ ವಾಟ್ಸಾಪ್ ಕಳಿಸಿಬಿಡ್ಲಾ? ಇವತ್ತೂ ಚೀಟಿ ತಪ್ಪು ಹೋಗ್ತಾ ಇದೆ ಮಾರಾಯ್ರೆ, ನೋಡ್ತಾ ಕೂರೋದು ಹೇಗೆ.

---

ಸಂಪಿಗೆಕಟ್ಟೆ

ವಾಟ್ಸಾಪ್ ಬೇಡ. ಕಳುವಾದ ಫೋನಿನಲ್ಲಿ ಅದೇ ಗುಂಪು ಇತ್ತು ಅನ್ನೋದನ್ನು ಮರೀಬೇಡಿ. ‘ಇನ್ನು ಮುಂದೆ ಈ ವಿಳಾಸದಿಂದ ಇಳಿಸಿಕೊಳ್ಳಿ’ ಅನ್ನೋ ಸಂದೇಶ ಇವತ್ತು ನೀವು ಕಳಿಸಿದರೆ, ನಾಳೆ ಬೇರೆ ಯಾರೋ ಅಂಥದ್ದೇ ಕಳಿಸಿದರೂ ಸೊಸೈಟಿಯವರು ನಂಬ್ತಾರೆ. ವಿಳಾಸ ಬದಲಿಸದೆ, ತಿದ್ದುಪಡಿಯನ್ನಷ್ಟೇ ಪೆನ್‌ಡ್ರೈವಿನಲ್ಲಿ ಮುಟ್ಟಿಸಿ:

```
git bundle create chiti.bundle main
```

ಸೊಸೈಟಿಯ ಕಂಪ್ಯೂಟರಿನಲ್ಲಿ:

```
git pull chiti.bundle main
```

ಇಂಟರ್ನೆಟ್ಟೂ ಬೇಡ, ಹೋಸ್ಟೂ ಬೇಡ. ಮುಂದೆ ಖಾತೆ ಸಿಕ್ಕ ಮೇಲೆ ಅದೇ ಕಮಿಟ್ ಅನ್ನು ಪುಶ್ ಮಾಡಿದರೆ ಸೊಸೈಟಿಗಳಲ್ಲಿ ಇತಿಹಾಸ ಕವಲೊಡೆಯಲ್ಲ. ನೀವು ಮಾಡಿದ ಕಮಿಟ್ ಅನ್ನೇ ಪುಶ್ ಮಾಡಬೇಕು, ವರದಾತೀರ ಅವರು ಅದೇ ತಿದ್ದುಪಡಿಯನ್ನು ಮತ್ತೆ ಬೇರೆಯಾಗಿ ಮಾಡಬಾರದು.

---

ವರದಾತೀರ

ಉತ್ತರ ಬಂತು. ಹಳೇ ಕೀ ಮತ್ತು ಸೆಶನ್‌ಗಳನ್ನು ಪತ್ರ ತಲುಪಿದ ದಿನವೇ ನಿಲ್ಲಿಸಿದ್ದಾರೆ. `TXT` ದಾಖಲೆಗೆ ಒಂದು ಸಾಲು ಕೊಟ್ಟಿದ್ದರು, ಹಾಕಿ, ಹೊರಗೆ ಕಾಣ್ತಿದೆಯಾ ಅಂತ `dig +short TXT` ಹೊಡೆದು ನೋಡಿ ತಿಳಿಸಿದೆ. ದೇಣಿಗೆ ವಿವರವೂ ತಾಳೆಯಾಗಿದೆ. ಗೆಳತಿಯ ದೃಢೀಕರಣ ಮಾತ್ರ ಅವರು ಪುರಾವೆ ಅಂತ ಲೆಕ್ಕಕ್ಕೆ ತಗೊಳ್ಳೋದಿಲ್ಲವಂತೆ. ಈಗ ಒಂದು ವಾರ ಕಾಯಬೇಕು. ನನ್ನ ಇಮೇಲಿಗೂ ಪ್ರಾಜೆಕ್ಟಿನ ಸದಸ್ಯರಿಗೂ ಸೂಚನೆ ಹೋಗಿದೆ. ಅಷ್ಟರೊಳಗೆ ಯಾರೂ ತಕರಾರು ಎತ್ತದಿದ್ದರೆ ಟು-ಫ್ಯಾಕ್ಟರ್ ತೆಗೆದು, ಹೊಸದಾಗಿ ಹಾಕಿಕೊಳ್ಳಲು ಕೊಡ್ತಾರೆ.

ಬಂಡಲ್ ಹಿಡಿದುಕೊಂಡು ಕಲ್ಲುಹಾಸು ಅವರೇ ಸೊಸೈಟಿಗಳಿಗೆ ಹೋಗಿಬಂದರು. ಚೀಟಿ ಈಗ ಸರಿ ಬರ್ತಿದೆ.

---

ಹೊಸನಗರದವ

ಗೆಳತಿಯ ಮಾತನ್ನು ಒಪ್ಪಲ್ಲ ಅನ್ನೋದು ಅನ್ಯಾಯ. ಎಷ್ಟೋ ಕಾಲದಿಂದ ಜೊತೆಗೆ ಕೆಲಸ ಮಾಡಿದವರು ಹೇಳೋದಕ್ಕಿಂತ ಡಿಎನ್‌ಎಸ್‌ನ ಒಂದು ಸಾಲು ಹೆಚ್ಚಾಯಿತಾ?

---

ಸಂಪಿಗೆಕಟ್ಟೆ

ನಾನಾಗಿದ್ದರೆ ಒಪ್ಪಿಕೊಳ್ತಿದ್ದೆ, ಟು-ಫ್ಯಾಕ್ಟರ್ ಹಾಕಿಕೊಂಡ ಖಾತೆಯಿಂದ ಬಂದಿದ್ದರೆ. ಆದರೆ ಅವರ ಕಡೆಯೂ ನ್ಯಾಯ ಇದೆ. ಗೆಳೆಯರ ನಡುವೆಯೇ ಜಗಳ ಬಂದು ಒಬ್ಬರು ಇನ್ನೊಬ್ಬರ ಖಾತೆ ಕೇಳಿ ಬರೋದು ಇಲ್ಲದ ವಿಷಯವಲ್ಲ. ಇಷ್ಟಾದರೂ ಮಾಡಿಕೊಡುವವರು ಸಿಕ್ಕಿದ್ದಾರೆ. ಗಿಟ್‌ಹಬ್ ಆಗಿದ್ದರೆ ಅಲ್ಲಿ ಮೊದಲೇ ಸೇರಿಸಿದ ಎಸ್‌ಎಸ್‌ಎಚ್ ಕೀ, ಟೋಕನ್ ಅಥವಾ ಈ ಹಿಂದೆ ಲಾಗಿನ್ ಆದ ಸಾಧನ ಇದ್ದರೆ ಅದರ ಮೇಲೆ ರಿಕವರಿ ಕೇಳಬಹುದು. ಏನೂ ಉಳಿದಿಲ್ಲ ಅಂದರೆ ಸಪೋರ್ಟ್ ಖಾತೆ ತೆರೆದುಕೊಡಲ್ಲ, ಇಮೇಲ್ ವಿಳಾಸವನ್ನು ಆ ಖಾತೆಯಿಂದ ಬಿಡಿಸಿಕೊಂಡು ಹೊಸ ಖಾತೆ ಮಾಡಿಕೊಳ್ಳಬೇಕು.

ವರದಾತೀರ ಅವರೇ, ಖಾತೆ ಸಿಕ್ಕ ಕೂಡಲೇ ಪುಶ್ ಮಾಡಬೇಡಿ. ಮೊದಲು ಆ ನಡುವಿನ ಅವಧಿಯಲ್ಲಿ ಯಾರಾದರೂ ಏನಾದರೂ ಸೇರಿಸಿದ್ದಾರಾ ನೋಡಿ. ಕಲ್ಲುಹಾಸು ಅವರ ಕ್ಲೋನ್ ಕಳುವಿಗೆ ಮೊದಲಿನದು, ಅದೇ ಅಳತೆಗೋಲು. ಅಲ್ಲಿ:

```
git fetch origin
git log --oneline main..origin/main
git log --oneline origin/main..main
```

ಮೊದಲ ಲಾಗ್ ಖಾಲಿ ಬರಬೇಕು. ಎರಡನೆಯದರಲ್ಲಿ ರೌಂಡಿಂಗ್ ತಿದ್ದುಪಡಿ ಮಾತ್ರ ಇರಬೇಕು. ಅದಕ್ಕಿಂತ ಹೆಚ್ಚು ಬಂದರೆ ಯಾರೋ ಹಳೇ ಇತಿಹಾಸ ಕಿತ್ತು ಫೋರ್ಸ್ ಪುಶ್ ಮಾಡಿದ್ದಾರೆ ಅಂತ ಅರ್ಥ. ಟ್ಯಾಗ್‌ಗಳನ್ನು ಬೇರೆಯಾಗಿ ನೋಡಿ: `git ls-remote --tags origin` ಮತ್ತು `git show-ref --tags -d`. ಈಗಾಗಲೇ ಇರುವ ಟ್ಯಾಗನ್ನು ಬರಿಯ `fetch` ಬದಲಿಸಲ್ಲ, ಹಾಗಾಗಿ ಅಲ್ಲಿ ಬದಲಾಗಿದ್ದರೂ ಇಲ್ಲಿ ಗೊತ್ತಾಗಲ್ಲ. ಆಮೇಲೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನಿಮಗೆ ಗೊತ್ತಿಲ್ಲದ ಕೀ, ಟೋಕನ್, ವೆಬ್‌ಹುಕ್ ಇವೆಯಾ ನೋಡಿ.

---

ವರದಾತೀರ

ವಾರ ಮುಗೀತು, ಖಾತೆ ಬಂತು. ಮೊದಲ ಲಾಗ್ ಖಾಲಿ, ಎರಡನೆಯದರಲ್ಲಿ ಒಂದೇ ಕಮಿಟ್, ಟ್ಯಾಗ್‌ಗಳು ಅಕ್ಷರಕ್ಕೆ ಅಕ್ಷರ ಒಂದೇ. ಹೊಸ ಕೀ ಸೇರಿಸಿ ಕಲ್ಲುಹಾಸು ಅವರ ಕಮಿಟ್ ಅನ್ನೇ ಪುಶ್ ಮಾಡಿದೆ, ಹೋಯ್ತು. ಅವರಿಗೂ ಪುಶ್ ಹಕ್ಕು ಕೊಟ್ಟಿದ್ದೇನೆ.

ಒಂದು ವಿಷಯ ಉಳಿದಿದೆ ಅಕ್ಕಾ. ಹಳೇ ಜಿಪಿಜಿ ಕೀಯನ್ನು ರದ್ದು ಮಾಡಿದರೆ ಹಳೇ ಬಿಡುಗಡೆಗಳ ಟ್ಯಾಗಿನ ಸಹಿ ನೋಡುವವರಿಗೆ ಕೀ ರದ್ದಾಗಿದೆ ಅಂತ ಎಚ್ಚರಿಕೆ ಬರುತ್ತೆ. ರದ್ದು ಮಾಡದಿದ್ದರೆ ಅದು ಆ ಲ್ಯಾಪ್‌ಟಾಪಿನಲ್ಲಿ ಚಾಲ್ತಿಯಲ್ಲೇ ಇರುತ್ತೆ. ಪಾಸ್‌ಫ್ರೇಸ್ ಉದ್ದವೇ ಇದೆ. ಏನು ಮಾಡ್ಲಿ?

---

ಸಂಪಿಗೆಕಟ್ಟೆ

ರದ್ದು ಮಾಡಿ. ರದ್ದು ಮಾಡುವಾಗ ಕಾರಣ ಕೇಳುತ್ತೆ, ‘ಕೀ ಬೇರೆಯವರ ಕೈ ಸೇರಿರಬಹುದು’ ಅನ್ನೋದನ್ನೇ ಆರಿಸಿ.

---

ಕಲ್ಲುಹಾಸು

ನನಗೆ ಇದು ಒಪ್ಪಿಗೆ ಇಲ್ಲ. ಆ ಕಾರಣ ಕೊಟ್ಟರೆ ಕಳುವಿಗೆ ಮುಂಚಿನ ಸಹಿಗಳ ಮೇಲೂ ಸಂಶಯ ಬರುತ್ತೆ. ಸೊಸೈಟಿಯವರಿಗೆ ಆ ವ್ಯತ್ಯಾಸ ಬಿಡಿಸಿ ಹೇಳೋರು ಯಾರು? ಮೊದಲು ಹೊಸ ಕೀಯಿಂದ ಈಗಿನ ಬಿಡುಗಡೆಗೆ ಹೊಸ ಟ್ಯಾಗ್ ಹಾಕೋಣ, ಎಲ್ಲ ಕಡೆ ಅದು ಇಳಿದ ಮೇಲೆ ರದ್ದು ಮಾಡೋಣ. ಸಾಗರದ ಸೊಸೈಟಿಗೆ ನಾಳೆ ಹೋಗೋದಿದೆ, ಹೊಸ ಕೀಯ ಫಿಂಗರ್‌ಪ್ರಿಂಟ್ ಕಾಗದದಲ್ಲಿ ಬರೆದು ಅಲ್ಲೇ ಕೊಡ್ತೇನೆ.